ಮೇಲಕ್ಕೆ ತಿರುಗಿದ್ದ ಬಾಣ

ಹರಪನಹಳ್ಳಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕಾಲ, ಅಂದರೆ 1997ಕ್ಕೆ ಮುಂಚಿನ ಮಾತು. ಕೊಟ್ಟೂರು ಆಗ ತಾಲ್ಲೂಕಾಗಿರಲಿಲ್ಲ, ಕೂಡ್ಲಿಗಿಗೆ ಸೇರಿತ್ತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎತ್ತ ಹೋದರೂ ಮಳೆಗಾಲದಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಶೇಂಗಾ ಹೊಲ. ದೀಪಾವಳಿ ಹೊತ್ತಿಗೆ ಕಾಯಿ ಕಿತ್ತು, ಒಣಗಿಸಿ, ಚೀಲ ಕಟ್ಟಿದರೆ ಮುಂದಿನ ಆರೇಳು ತಿಂಗಳು ಎಣ್ಣೆ ಮಿಲ್ಲುಗಳಿಗೆ ಹಬ್ಬ. ಕೊಟ್ಟೂರಿಂದ ಸ್ವಲ್ಪ ಆಚೆಗೆ ರಸ್ತೆ ಪಕ್ಕದಲ್ಲಿ ಒಂದು ಸಾಲ್ವೆಂಟ್ ಪ್ಲಾಂಟ್ ಇತ್ತು. ಅದರ ಹೆಸರು ಬೇಡ. ನಾನು ಅಲ್ಲಿ ಶಿಫ್ಟಿನಲ್ಲಿ ವಾಲ್ವ್, ಗೇಜು, ಕಂಟ್ರೋಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಊರು ಹಗರಿಬೊಮ್ಮನಹಳ್ಳಿ. ದಿನಾ ಬಸ್ಸಿನಲ್ಲಿ ಓಡಾಟ.

ಸಾಲ್ವೆಂಟ್ ಪ್ಲಾಂಟ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆ ಬಾಣದ ಕಥೆ ತಿಳಿಯೋದಿಲ್ಲ. ಮಿಲ್ಲಿನ ಎಕ್ಸ್‌ಪೆಲ್ಲರ್ ಎಷ್ಟೇ ಬಿಗಿಯಾಗಿ ಹಿಂಡಿದರೂ ಶೇಂಗಾ ಹಿಂಡಿಯಲ್ಲಿ ನೂರಕ್ಕೆ ಆರೋ ಏಳೋ ಪಾಲು ಎಣ್ಣೆ ಉಳಿದೇ ಉಳಿಯುತ್ತದೆ. ಆ ಉಳಿದ ಎಣ್ಣೆಯನ್ನು ಹಿಂಡಿ ತೆಗೆಯಲು ಬರೋದಿಲ್ಲ, ತೊಳೆದು ತೆಗೆಯಬೇಕು. ತೊಳೆಯುವುದು ನೀರಿನಲ್ಲಲ್ಲ, ಹೆಕ್ಸೇನ್‌ನಲ್ಲಿ. ಅದು ಪೆಟ್ರೋಲಿನ ಜಾತಿಯದೇ, ವಾಸನೆಯೂ ಹತ್ತಿರ ಹತ್ತಿರ ಅದೇ. ಹಿಂಡಿಯ ಮೇಲೆ ಸುರಿದರೆ ಎಣ್ಣೆಯನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಆ ಮಿಶ್ರಣವನ್ನು ಕಾಯಿಸಿದರೆ ಹೆಕ್ಸೇನ್ ಆವಿಯಾಗಿ ಹೋಗಿ ಎಣ್ಣೆ ಉಳಿಯುತ್ತದೆ. ಇತ್ತ ತೊಳೆದ ಹಿಂಡಿಯೂ ಹೆಕ್ಸೇನ್ ಕುಡಿದು ಒದ್ದೆಯಾಗಿರುತ್ತದೆ, ಸುಮಾರು ಮೂರರಲ್ಲೊಂದು ಪಾಲು ತೂಕ ಅದರದೇ. ಆ ಒದ್ದೆ ಹಿಂಡಿಯನ್ನು ಎತ್ತರದ, ಅಂತಸ್ತು ಅಂತಸ್ತಾದ ಒಂದು ದೊಡ್ಡ ಡ್ರಮ್ಮಿಗೆ ಹಾಕಿ ಸ್ಟೀಮ್ ಕೊಟ್ಟು ಒಣಗಿಸುತ್ತಾರೆ. ನಾವು ಅದನ್ನು ಡಿ.ಟಿ. ಅನ್ನುತ್ತಿದ್ದೆವು. ಮೇಲಿನಿಂದ ಹೊರಬರುವ ಹೆಕ್ಸೇನ್ ಆವಿಯನ್ನು ಕಂಡೆನ್ಸರಿನಲ್ಲಿ ತಣ್ಣೀರು ಹಾಯಿಸಿ ಮತ್ತೆ ದ್ರವ ಮಾಡಿ ಟ್ಯಾಂಕಿಗೆ ಬಿಡುತ್ತಾರೆ. ಅದೇ ಹೆಕ್ಸೇನ್ ದಿನವಿಡೀ ಸುತ್ತುತ್ತಲೇ ಇರಬೇಕು. ಹೊರಗೆ ಹೋಯಿತೆಂದರೆ ದುಡ್ಡೂ ಹೋಯಿತು, ಜೀವಕ್ಕೂ ಕುತ್ತು.

ಕುತ್ತು ಯಾಕೆ ಅಂದರೆ ಅದು ಕುದಿಯೋದು 65ರಿಂದ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆದರೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಅದಕ್ಕೆ ಕಾವೇ ಬೇಕಿಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಬಿಡುತ್ತದೆ. ನಮ್ಮ ಬಿಸಿಲಿನ ಊರಲ್ಲಿ ಹೇಳೋದೇ ಬೇಡ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಸೇರಿದರೆ ಸಾಕು, ಆ ಗಾಳಿಯೇ ಮದ್ದುಗುಂಡು. ಮೇಲಾಗಿ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಹೊಗೆಯ ಹಾಗೆ ಮೇಲಕ್ಕೆ ಹೋಗೋದಿಲ್ಲ. ನೆಲ ಹಿಡಿದು ಹರಿದು ಗುಂಡಿ, ಚರಂಡಿ, ಕಾಲುವೆಯಲ್ಲಿ ಕೂತುಕೊಳ್ಳುತ್ತದೆ. ಇಲ್ಲಿ ಸೋರಿದ್ದು ಅಲ್ಲೆಲ್ಲೋ ನೂರು ಮಾರು ದೂರದಲ್ಲಿ ಬೀಡಿ ಹಚ್ಚಿದವನ ಕಾಲಬುಡದಲ್ಲಿ ಹೊತ್ತಿಕೊಳ್ಳಬಹುದು. ಅದಕ್ಕೇ ಪ್ಲಾಂಟಿನ ಒಳಗೆ ಬೆಂಕಿಪೊಟ್ಟಣ ತರುವಂತಿಲ್ಲ, ಮೊಳೆ ಹೊಡೆದ ಚಪ್ಪಲಿ ಹಾಕುವಂತಿಲ್ಲ. ಬಾಯ್ಲರ್ ಮನೆ ಬೇರೆ ಕಡೆ, ಗಾಳಿ ಬೀಸುವ ದಿಕ್ಕು ನೋಡಿ ದೂರದಲ್ಲಿ ಕಟ್ಟಿರುತ್ತಾರೆ.

ಈಗ ಬಾಯ್ಲರಿಗೆ ಬರ್ತೀನಿ. ನಮ್ಮದು ಶೇಂಗಾ ಹೊಟ್ಟು ಉರಿಸುವ ಬಾಯ್ಲರ್. ಗ್ಯಾಸಿನ ಒಲೆಯಾದರೆ ತಿರುಗಿಸಿದರೆ ಆರಿತು. ಹೊಟ್ಟಿನ ಒಲೆ ಹಾಗಲ್ಲ. ಫ್ಯಾನ್ ನಿಂತರೂ ಒಳಗಿನ ಕೆಂಡ ಕಾಯುತ್ತಲೇ ಇರುತ್ತದೆ, ಡ್ರಮ್ಮಿನಲ್ಲಿ ಕೂತ ಒತ್ತಡದ ನೀರು ಸ್ಟೀಮಾಗುತ್ತಲೇ ಇರುತ್ತದೆ. ಕರೆಂಟ್ ಹೋದ ತಕ್ಷಣ ಕಂಡೆನ್ಸರಿಗೆ ನೀರು ತಳ್ಳುವ ಪಂಪು ನಿಲ್ಲುತ್ತದೆ. ಸ್ಟೀಮ್ ಮಾತ್ರ ನಿಲ್ಲೋದಿಲ್ಲ. ಆಗಿನ ನಮ್ಮ ಕಡೆಯ ಕರೆಂಟು ನಿಮಗೆ ಗೊತ್ತಲ್ಲ. ಹೊತ್ತಲ್ಲದ ಹೊತ್ತಲ್ಲಿ ಹೋಗೋದು, ಬಂದು ಮತ್ತೆ ಹೋಗೋದು. ಡೀಸೆಲ್ ಜನರೇಟರ್ ಇತ್ತು, ಆದರೆ ಅದನ್ನು ಎಬ್ಬಿಸಿ, ಲೋಡ್ ಹಾಕಿ, ಒಂದೊಂದೇ ಪಂಪು ಶುರು ಮಾಡಲು ಕೆಲವು ನಿಮಿಷ ಬೇಕು. ಆ ಕೆಲವು ನಿಮಿಷಕ್ಕೆ ಅಂತಲೇ ಪ್ಲಾಂಟ್ ಕಟ್ಟಿದವರು ಎರಡು ವಾಲ್ವ್ ಇಟ್ಟಿದ್ದರು.

ಒಂದು, ಮೇಲಿನ ನೀರಿನ ಟ್ಯಾಂಕಿನಿಂದ ಕಂಡೆನ್ಸರಿಗೆ ಬರುವ ಪೈಪಿನಲ್ಲಿ. ಇನ್ನೊಂದು, ಡಿ.ಟಿ.ಗೆ ಹೋಗುವ ಸ್ಟೀಮ್ ಪೈಪಿನಲ್ಲಿ. ಎರಡೂ ಗಾಳಿಯಿಂದ ನಡೆಯುವ ವಾಲ್ವುಗಳು. ತಲೆಯ ಮೇಲೆ ಎರಡು ತಟ್ಟೆ ಕವುಚಿದ ಹಾಗೆ ಒಂದು ಡಬ್ಬಿ, ಅದರೊಳಗೆ ರಬ್ಬರಿನ ಪರದೆ, ಪರದೆಗೆ ಎದುರಾಗಿ ಒಂದು ದಪ್ಪ ಸ್ಪ್ರಿಂಗ್. ಕಂಪ್ರೆಸರಿನ ಗಾಳಿ ಪರದೆಯನ್ನು ಒಂದು ಕಡೆ ತಳ್ಳುತ್ತದೆ, ಸ್ಪ್ರಿಂಗ್ ಇನ್ನೊಂದು ಕಡೆ ತಳ್ಳುತ್ತದೆ. ಕರೆಂಟ್ ಹೋದರೆ ಕಂಪ್ರೆಸರ್ ನಿಲ್ಲುತ್ತದೆ, ಗಾಳಿ ಇಳಿಯುತ್ತದೆ, ಆಮೇಲೆ ಸ್ಪ್ರಿಂಗಿನದೇ ರಾಜ್ಯ. ನೀರಿನ ವಾಲ್ವಿನ ಸ್ಪ್ರಿಂಗ್ ಅದನ್ನು ತೆರೆಯಬೇಕು; ಪಂಪಿಲ್ಲದಿದ್ದರೂ ಟ್ಯಾಂಕಿನ ನೀರು ತಾನೇ ಇಳಿದು ಆವಿಯನ್ನು ತಣಿಸಲಿ ಅಂತ. ಸ್ಟೀಮ್ ವಾಲ್ವಿನ ಸ್ಪ್ರಿಂಗ್ ಅದನ್ನು ಮುಚ್ಚಬೇಕು. ಹೊಸದಾಗಿ ಆವಿ ಏಳದಿರಲಿ ಅಂತ. ನಕ್ಷೆಯಲ್ಲಿ ಇದನ್ನು ವಾಲ್ವಿನ ಕಡ್ಡಿಯ ಮೇಲೆ ಒಂದು ಸಣ್ಣ ಬಾಣ ಹಾಕಿ ತೋರಿಸುತ್ತಾರೆ. ಬಾಣ ಮೇಲ್ಮುಖವಾಗಿದ್ದರೆ ಗಾಳಿ ಹೋದಾಗ ವಾಲ್ವ್ ತೆರೆಯುತ್ತದೆ. ಕೆಳಮುಖವಾಗಿ ವಾಲ್ವಿನ ಕಡೆ ನೋಡುತ್ತಿದ್ದರೆ ಮುಚ್ಚುತ್ತದೆ. ಶೇಂಗಾ ಕಾಳಿನಷ್ಟೂ ದೊಡ್ಡದಿರೋದಿಲ್ಲ ಆ ಗುರುತು.

ಆ ವರ್ಷ ಮಳೆಗಾಲದ ರಿಪೇರಿ ಜೋರಾಗಿತ್ತು. ಎಕ್ಸ್‌ಟ್ರಾಕ್ಟರಿನ ಸರಪಳಿ ಬದಲಾಯಿತು, ಕಂಡೆನ್ಸರಿನ ಕೊಳವೆಗಳ ಉಪ್ಪು ಕೆರೆದದ್ದಾಯಿತು, ಬಾಯ್ಲರ್ ಬಿಚ್ಚಿ ತೊಳೆದು ಇನ್‌ಸ್ಪೆಕ್ಟರರಿಗೆ ತೋರಿಸಿದ್ದಾಯಿತು. ಬಾಯ್ಲರಿಗೆ ವರ್ಷಕ್ಕೊಂದು ಸಲ ಸರ್ಟಿಫಿಕೇಟ್ ಆಗಲೇಬೇಕಿತ್ತು, ಆಗಿನ 1923ರ ಕಾಯ್ದೆಯಲ್ಲಿ ಹಾಗಿತ್ತು. ಗೋಡೆಯ ಮೇಲಿನ ಹಳೆಯ ನಕ್ಷೆಗೆ ಗೆದ್ದಲು ಹತ್ತಿತ್ತು ಅಂತ ಹೊರಗಿನವರಿಂದ ಹೊಸ ನಕ್ಷೆ ಬರೆಸಿದ್ದರು. ಕಂಪ್ಯೂಟರಿನಲ್ಲಿ ಬರೆದದ್ದು, ಗೆರೆಗಳೆಲ್ಲ ಮುತ್ತು ಪೋಣಿಸಿದ ಹಾಗೆ ಅಚ್ಚುಕಟ್ಟು. ನಮಗೆಲ್ಲ ಅದರ ಮೇಲೆ ದೊಡ್ಡ ಅಭಿಮಾನ. ಸ್ಟೀಮ್ ವಾಲ್ವಿನ ಪರದೆ ಹರಿದಿತ್ತು, ಅದರ ಮೇಲಿನ ಡಬ್ಬಿ ಬಿಚ್ಚಿ, ಹೊಸ ನಕ್ಷೆಯ ಒಂದು ಪ್ರತಿಯ ಜೊತೆಗೆ ಸರ್ವಿಸಿನವರಿಗೆ ಕಳಿಸಿದ್ದರು. ಅವರು ಹೊಸ ಪರದೆ, ಹೊಸ ಸ್ಪ್ರಿಂಗ್ ಹಾಕಿ ತಂದು ಕೂರಿಸಿ, ಕಂಟ್ರೋಲರ್ ಹೊಂದಿಸಿ ಹೋದರು. ವಾಲ್ವ್ ಸರಾಗವಾಗಿ ಏರಿಳಿಯುತ್ತಿತ್ತು. ಪೇಪರಿಗೆ ಸಹಿ ಬಿತ್ತು.

ದೀಪಾವಳಿ ಮುಗಿದು ನಾಲ್ಕೈದು ದಿನ. ಅಂಗಳದಲ್ಲಿ ಹಿಂಡಿಯ ಲಾರಿಗಳು ಸಾಲಾಗಿ ನಿಂತಿದ್ದವು. ಹಡಗಲಿ ಕಡೆಯಿಂದ ಬಂದ ಟ್ರ್ಯಾಕ್ಟರಿನವರು ಗೇಟಿನಾಚೆ ಚಹಾದಂಗಡಿಯಲ್ಲಿ ಕೂತು ಬೀಡಿ ಸೇದುತ್ತಿದ್ದರು. ಸಾವ್ಕಾರ್ರು ಬೆಳಿಗ್ಗೆಯೇ ಬಂದು ಪೂಜೆಗೆ ತೆಂಗಿನಕಾಯಿ ತರಿಸಿದ್ದರು. ಸಂಜೆ ಹೆಕ್ಸೇನ್ ಒಳಗೆ ಬಿಡೋದು, ರಾತ್ರಿ ಹಿಂಡಿ ಹಾಕೋದು ಅಂತ ತೀರ್ಮಾನ.

ಬಾಯ್ಲರ್ ಕೆಲಸಕ್ಕೆ ಅಂತ ಕೂಡ್ಲಿಗಿಯ ಒಬ್ಬ ಇಂಜಿನಿಯರ್ ಬಂದಿದ್ದರು. ವಯಸ್ಸು ಐವತ್ತೈದರ ಮೇಲೆ. ಹೊರ ರಾಜ್ಯದ ಗೊಬ್ಬರದ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವರು. ಮಾತು ಕಡಿಮೆ. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ಬಾಯ್ಲರಿನ ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊರಡುವವರಿದ್ದರು. ಸ್ಟೀಮ್ ಲೈನ್ ಎಲ್ಲಿಗೆ ಮುಗಿಯುತ್ತದೆ ಅಂತ ನೋಡಲು ಆಫೀಸಿನ ಗೋಡೆಯ ಹೊಸ ನಕ್ಷೆಯ ಮುಂದೆ ನಿಂತರು. ನಾನು ಪಕ್ಕದಲ್ಲಿ ಟೂಲ್ ಲೆಕ್ಕ ಬರೆಯುತ್ತಿದ್ದೆ.

ಅವರು ನಕ್ಷೆ ಓದುವ ರೀತಿಯೇ ಬೇರೆ. ನಾವೆಲ್ಲ ನೋಡುವಾಗ ಹಿಂಡಿ ಎಲ್ಲಿಂದ ಬರ್ತದೆ, ಎಣ್ಣೆ ಎಲ್ಲಿಗೆ ಹೋಗ್ತದೆ ಅಂತ ಗೆರೆ ಹಿಡಿದು ಹೋಗುತ್ತಿದ್ದೆವು. ಅವರು ಗೆರೆ ಬಿಟ್ಟು ವಾಲ್ವುಗಳ ಮೇಲೆ ಬೆರಳಿಡುತ್ತಿದ್ದರು. ಒಂದರ ಮೇಲೆ ಬೆರಳಿಟ್ಟು, “ಕರೆಂಟ್ ಹೋತು, ಈಗ ನೀನು ಏನ್ ಮಾಡ್ತೀಯಪ್ಪ?” ಅಂತ ಮೆಲ್ಲಗೆ ಕೇಳೋದು, ಬಾಣ ನೋಡೋದು, ತಲೆ ಆಡಿಸಿ ಮುಂದಿನದಕ್ಕೆ ಹೋಗೋದು. ನೀರಿನ ವಾಲ್ವಿನ ಮೇಲೆ ಬೆರಳು ಬಂತು. ಬಾಣ ಮೇಲಕ್ಕೆ. ಸರಿ. ಸ್ಟೀಮ್ ವಾಲ್ವಿಗೆ ಬಂತು. ಅಲ್ಲಿ ಬೆರಳು ನಿಂತುಬಿಟ್ಟಿತು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ತಮ್ಮಾ, ಬಾ ಇಲ್ಲಿ. ಈ ಬಾಣ ಯಾವ ಕಡೆ ಐತಿ?”

“ಮೇಲಕ್ಕ ಐತ್ರಿ.”

“ಅದರ ಬಾಜೂಕಿನ ನೀರಿಂದು?”

“ಅದೂ ಮೇಲಕ್ಕ ಐತ್ರಿ.”

“ಎರಡೂ ಒಂದೇ ಕಡೆ ಹೆಂಗ್ ಇರ್ತಾವು? ಒಂದು ಕಾಯಿಸೋದು, ಒಂದು ತಣಿಸೋದು. ಕರೆಂಟ್ ಹೋದಾಗ ಒಂದು ತೆರೆದರ ಇನ್ನೊಂದು ಮುಚ್ಚಬೇಕಲ್ಲ.”

ಪ್ಲಾಂಟ್ ಮ್ಯಾನೇಜರ್ ಒಳಗೆ ಬಂದರು. ಹರಪನಹಳ್ಳಿಯವರು, ಒಳ್ಳೆಯ ಮನುಷ್ಯ, ಆದರೆ ಆವತ್ತು ತಲೆಯ ಮೇಲೆ ಹತ್ತು ಕೆಲಸ. ಬರೆಯುವಾಗ ಕೈತಪ್ಪಿರಬೇಕು, ಪೆನ್ಸಿಲಿನಲ್ಲಿ ತಿದ್ದಿಬಿಡಿ ಸಾರ್, ವಾಲ್ವ್ ನಿನ್ನೆ ತಾನೇ ನಡೆಸಿ ನೋಡಿದ್ದೇವೆ, ಚೆನ್ನಾಗಿದೆ ಅಂದರು. ಆಗ ಇಂಜಿನಿಯರ್ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಹಾಗೇ ನೆನಪಿದೆ.

“ನಕ್ಷೆ ನೋಡಿ ವಾಲ್ವ್ ಮಾಡಿದ್ರೋ, ವಾಲ್ವ್ ನೋಡಿ ನಕ್ಷೆ ಬರೆದ್ರೋ?”

ಮ್ಯಾನೇಜರಿಗೆ ಮುಖ ಇಳಿಯಿತು. ಡಬ್ಬಿಯ ಜೊತೆ ಕಳಿಸಿದ್ದು ಇದೇ ನಕ್ಷೆಯ ಪ್ರತಿ ಅಂತ ಅವರಿಗೆ ಆಗ ಹೊಳೆಯಿತು. ಬಾಣ ಬರೀ ಕಾಗದದ ಮೇಲೆ ತಪ್ಪಿದ್ದರೆ ಪೆನ್ಸಿಲ್ ಸಾಕು. ಬಾಣ ನೋಡಿಕೊಂಡು ಸ್ಪ್ರಿಂಗ್ ಕೂರಿಸಿದ್ದರೆ ತಪ್ಪು ಕಾಗದದಿಂದ ಇಳಿದು ಕಬ್ಬಿಣಕ್ಕೆ ಸೇರಿಯಾಗಿದೆ.

“ಆದರೂ ನಿನ್ನೆ ನಡೆದಿದ್ದು ಹೆಂಗ್ರಿ?” ಅಂತ ನಾನೇ ಕೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಹಳೆಯ ರೀತಿಯಲ್ಲಿ ಗಾಳಿ ಹೆಚ್ಚಿದರೆ ವಾಲ್ವ್ ತೆರೆಯುತ್ತದೆ; ಹೊಸ ರೀತಿಯಲ್ಲಿ ಗಾಳಿ ಹೆಚ್ಚಿದರೆ ಮುಚ್ಚುತ್ತದೆ. ಅದಕ್ಕೆ ತಕ್ಕ ಹಾಗೆ ಕಂಟ್ರೋಲರಿನ ಹಿಂದಿರುವ ಸ್ವಿಚ್ಚನ್ನೂ ತಿರುಗಿಸಿಬಿಟ್ಟರೆ ಎರಡು ಉಲ್ಟಾ ಸೇರಿ ಒಂದು ಸೀದಾ ಆಗುತ್ತದೆ. ಡಿ.ಟಿ. ತಣ್ಣಗಾದರೆ ಸ್ಟೀಮ್ ಹೆಚ್ಚುತ್ತದೆ, ಕಾದರೆ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ನಡೆಸಿದರೂ ಯಾರಿಗೂ ಯಾವ ಫರಕೂ ಕಾಣೋದಿಲ್ಲ. ಪ್ಲಾಂಟ್ ಸರಿಯಾಗಿ ನಡೆಯುತ್ತಿರುವಾಗ ಆ ತಪ್ಪನ್ನು ಹಿಡಿಯಲು ಸಾಧ್ಯವೇ ಇಲ್ಲ. ಅದು ಕಾಣುವುದು ಗಾಳಿ ಸೊನ್ನೆಗೆ ಇಳಿದ ದಿನ ಮಾತ್ರ, ಅಂದರೆ ಪಂಪು ನಿಂತಿರುವ, ದೀಪ ಆರಿರುವ, ಆಪರೇಟರ್ ಕತ್ತಲಲ್ಲಿ ಟಾರ್ಚ್ ಹುಡುಕುತ್ತಿರುವ ಅದೇ ಹೊತ್ತಿನಲ್ಲಿ.

ಮೂವರೂ ಪ್ಲಾಂಟಿನೊಳಗೆ ಹೋದೆವು. ಮೊದಲ ಅಂತಸ್ತಿನಲ್ಲಿ, ಸ್ಟೀಮ್ ಪೈಪಿನ ಬಾಗಿನ ಪಕ್ಕ ಆ ವಾಲ್ವ್. ಡಬ್ಬಿ ಹೊಸ ಬಣ್ಣದಲ್ಲಿ ಮಿಂಚುತ್ತಿತ್ತು, ಅದನ್ನು ಹೊತ್ತ ಎರಡು ಕಂಬಿ ಮಾತ್ರ ಹಳೆಯವು. ಕಂಬಿಯ ಮೇಲೆ ಒಂದು ಸಣ್ಣ ತಗಡು, ಅದರ ಮೇಲೆ ವರ್ಷ ವರ್ಷ ಬಳಿದ ಬಣ್ಣದ ಪದರ. ಇಂಜಿನಿಯರ್ ಜೇಬಿನಿಂದ ಎಂಟಾಣೆ ತೆಗೆದು ಕೆರೆಯತೊಡಗಿದರು. ಹಸಿರು ಉದುರಿತು, ಅದರ ಕೆಳಗಿನ ಬೆಳ್ಳಿ ಬಣ್ಣ ಉದುರಿತು, ಆಮೇಲೆ ಹಿತ್ತಾಳೆ ಕಂಡಿತು. ಹೆಬ್ಬೆರಳಿಂದ ಒರೆಸಿದರೆ ಕೊರೆದ ಅಕ್ಷರ: ಏರ್ ಟು ಓಪನ್. ಗಾಳಿ ಬಂದರೆ ತೆರೆಯುವ ವಾಲ್ವ್. ಗಾಳಿ ಹೋದರೆ ಮುಚ್ಚಬೇಕಾದ ವಾಲ್ವ್. ಪ್ಲಾಂಟ್ ಕಟ್ಟಿದ ದಿನದಿಂದ ಅದು ಹಾಗೇ ಇತ್ತು.

ತಗಡು ಓದಿದ್ದಕ್ಕೆ ಅವರಿಗೆ ಸಮಾಧಾನ ಆಗಲಿಲ್ಲ. “ತಗಡು ಹಳೇದು, ಸ್ಪ್ರಿಂಗ್ ಹೊಸಾದು. ಸ್ಪ್ರಿಂಗನ್ನ ಕೇಳೋಣ” ಅಂದರು. ಒಳಗೆ ಹೆಕ್ಸೇನ್ ಇರಲಿಲ್ಲ, ಸ್ಟೀಮ್ ಕಟ್ಟಿರಲಿಲ್ಲ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಕಂಪ್ರೆಸರ್ ನಡೆಸಿ ಎಲ್ಲ ವಾಲ್ವುಗಳಿಗೂ ಗಾಳಿ ಕೊಟ್ಟೆವು. ಎಲ್ಲವೂ ಪ್ಲಾಂಟ್ ನಡೆಯುವಾಗ ಹೇಗಿರುತ್ತವೋ ಹಾಗೆ ನಿಂತವು: ನೀರಿನದು ಮುಚ್ಚಿ, ಸ್ಟೀಮಿನದು ಅರ್ಧ ತೆರೆದು. ಒಂದೊಂದು ವಾಲ್ವಿಗೂ ಒಬ್ಬೊಬ್ಬರನ್ನು ನಿಲ್ಲಿಸಿ, ಕಡ್ಡಿಗೆ ಕಟ್ಟಿದ ಮುಳ್ಳು ಯಾವ ಕಡೆ ಹೋಗುತ್ತದೋ ಜೋರಾಗಿ ಕೂಗಿ ಹೇಳಬೇಕು ಅಂತ ಹೇಳಿದರು. ಆಮೇಲೆ ನನ್ನ ಕೈಯಿಂದಲೇ ಗಾಳಿಯ ಮುಖ್ಯ ಕೊಳಾಯಿ ಮುಚ್ಚಿಸಿ, ತುದಿಯ ಡ್ರೈನ್ ಬಿಚ್ಚಿಸಿದರು.

ಸುಯ್ಯ್ ಅಂತ ಗಾಳಿ ಇಳಿಯಲು ಶುರುವಾಯಿತು. ಗೇಜಿನ ಮುಳ್ಳು ನಿಧಾನಕ್ಕೆ ಕೆಳಗೆ. ಮೊದಲು ಮೇಲಿನಿಂದ ಕೂಗು ಬಂತು: “ನೀರಿಂದು ತೆರೀತ್ರೀ!” ಸರಿ. ಟ್ಯಾಂಕಿನ ನೀರು ಕಂಡೆನ್ಸರಿಗೆ ಬೀಳುವ ಸದ್ದೂ ಕೇಳಿಸಿತು. ಸ್ಟೀಮ್ ವಾಲ್ವಿನ ಮುಂದೆ ನಾವು ಮೂವರು. ಮುಳ್ಳು ಒಂದು ಗಳಿಗೆ ಅಲುಗಾಡಲಿಲ್ಲ. ಆಮೇಲೆ ಸಣ್ಣಗೆ ಒಂದು ಜಗ್ಗು, ಮೇಲಕ್ಕೆ. ಇನ್ನೊಂದು ಜಗ್ಗು, ಮತ್ತೆ ಮೇಲಕ್ಕೆ. ಮುಕ್ಕಾಲಿಗೆ ಬಂತು. ಕೊನೆಗೆ ಪೂರ್ತಿ ತೆರೆದ ಗುರುತಿಗೆ ಹೋಗಿ ಟಕ್ ಅಂತ ನಿಂತಿತು. ಮ್ಯಾನೇಜರ್ ಏನೂ ಅನ್ನಲಿಲ್ಲ, ಕೈಚೌಕದಿಂದ ಕುತ್ತಿಗೆ ಒರೆಸಿಕೊಂಡರು.

ಸಾವ್ಕಾರ್ರಿಗೆ ಹೇಳಲು ಹೋದಾಗ ಅವರು ನೇರವಾಗಿ ಕೇಳಿದರು: “ಬಾಯ್ಲರ್ ಮನ್ಯಾಗ ಕೈಯಿಂದ ತಿರುಗಿಸೋ ದೊಡ್ಡ ವಾಲ್ವ್ ಐತಲ್ಲ್ರೀ. ಕರೆಂಟ್ ಹೋದ ಕೂಡಲೇ ಒಬ್ಬ ಓಡಿ ಅದನ್ನ ಬಂದ್ ಮಾಡಿದರ ಆಗೋದಿಲ್ಲೇನು? ಇವತ್ತು ಶುರು ಮಾಡೋಣ, ವಾರ ಬಿಟ್ಟು ರಿಪೇರಿ ಮಾಡಿಸೋಣ.”

ಅದು ತೆಗೆದುಹಾಕುವ ಪ್ರಶ್ನೆಯಲ್ಲ. ಇಂಜಿನಿಯರ್ ಅದನ್ನು ಗೌರವದಿಂದಲೇ ತೆಗೆದುಕೊಂಡರು. ತೆಂಗಿನಕಾಯಿ ಇಟ್ಟಿದ್ದ ಮೇಜಿನ ಮೇಲೆಯೇ ಒಂದು ಹಳೆಯ ರಸೀದಿಯ ಬೆನ್ನಿಗೆ ಲೆಕ್ಕ ಹಾಕಿದರು. ಪ್ಲಾಂಟಿಗೆ ದಿನಕ್ಕೆ ನೂರು ಟನ್ ಹಿಂಡಿ ಅಂದರೆ ಗಂಟೆಗೆ ನಾಲ್ಕು ಟನ್ನಿನ ಮೇಲೆ. ಅದರ ಜೊತೆ ಡಿ.ಟಿ.ಗೆ ಬೀಳುವ ಹೆಕ್ಸೇನ್ ನಿಮಿಷಕ್ಕೆ ಸುಮಾರು 30 ಕಿಲೋ. ಒಂದೇ ಒಂದು ನಿಮಿಷದ ಆ 30 ಕಿಲೋ ಆವಿಯಾದರೆ ಎಂಟು ಘನ ಮೀಟರಿಗೆ ಮೇಲಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಿನ ಲೆಕ್ಕದಲ್ಲಿ ಬೆರೆತರೆ ಅದು ಹೊತ್ತಿಕೊಳ್ಳಬಲ್ಲ ಏಳುನೂರು ಘನ ಮೀಟರಿಗೂ ಹೆಚ್ಚಿನ ಗಾಳಿ. 15 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಎತ್ತರದ ಗೋದಾಮು ತುಂಬುವಷ್ಟು.

“ಡಿ.ಟಿ. ಒಳಗ ಕೂತಿರೋದು ಒಂದು ನಿಮಿಷದ ಹಿಂಡಿ ಅಲ್ಲ್ರೀ ಸಾವ್ಕಾರ್ರೆ, ಬಹಳ ನಿಮಿಷದ್ದು. ಕರೆಂಟ್ ಹೋಗಿ ಹಿಂಡಿ ಬೀಳೋದು ನಿಂತರೂ ಒಳಗಿರೋದರಿಂದ ಆವಿ ಏಳ್ತದ. ಸ್ಟೀಮ್ ಅರ್ಧ ಇದ್ದದ್ದು ಪೂರ್ತಿ ಆಗ್ತದ. ಮೇಲಿನ ಟ್ಯಾಂಕಿನ ನೀರು ಉಳಿದ ಕಾವಿಗೆ ಅಂತ ಇಟ್ಟದ್ದು, ಇಷ್ಟು ಹೊಸ ಕಾವನ್ನ ಅದು ತಡಿಯೋದಿಲ್ಲ. ತಣಿಯದ ಆವಿ ವೆಂಟಿನಿಂದ ಹೊರಗ ಬಂದು ಕೆಳಗ ಇಳೀತದ. ನಿಮ್ಮ ಮನುಷ್ಯ ಬಾಯ್ಲರ್ ಮನಿಗೆ ಓಡೋ ದಾರಿ ಅದರೊಳಗೇ ಐತಿ. ರಾತ್ರಿ ಆದರ ಕೈಯಾಗ ಲಾಟೀನು ಬ್ಯಾರೆ ಇರ್ತದ.”

ಕೊನೆಯ ಮಾತಿಗೆ ಸಾವ್ಕಾರ್ರು ತಲೆ ಎತ್ತಿ ಗೇಟಿನ ಕಡೆ ನೋಡಿದರು. ಟ್ರ್ಯಾಕ್ಟರುಗಳು ಅಲ್ಲೇ ನಿಂತಿದ್ದವು.

ಆವತ್ತೇ ಅವರು ಅಮೆರಿಕದ ಲೂಯಿವಿಲ್ ಊರಿನ ಸಂಗತಿ ಹೇಳಿದ್ದು. 1981ರ ಫೆಬ್ರವರಿ 13ರ ಬೆಳಗಿನ ಜಾವ. ಅಲ್ಲಿ ಸೋಯಾಬೀನ್ ಎಣ್ಣೆ ತೆಗೆಯುವ ಇಂಥದೇ ಒಂದು ಕಾರ್ಖಾನೆಯಿಂದ ಹೆಕ್ಸೇನ್ ಊರಿನ ಒಳಚರಂಡಿಗೆ ಹೋಗಿತ್ತು. ಆವಿ ಚರಂಡಿಯೊಳಗೇ ಹರಿದು ಬೀದಿ ಬೀದಿಯ ಕೆಳಗೆ ಹಬ್ಬಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಕಾರಿನ ಕಿಡಿ ಸಾಕಾಯಿತು. ಎರಡು ಮೈಲಿಗೂ ಹೆಚ್ಚು ರಸ್ತೆ ಸಿಡಿದು ಹಳ್ಳವಾಯಿತು. ಬೆಳಗಿನ ಜಾವ ಆದದ್ದರಿಂದ ಬೀದಿಯಲ್ಲಿ ಹೆಚ್ಚು ಜನ ಇರಲಿಲ್ಲ, ಯಾರೂ ಸಾಯಲಿಲ್ಲ. ಅಲ್ಲಿ ನಡೆದದ್ದಕ್ಕೂ ವಾಲ್ವಿನ ಬಾಣಕ್ಕೂ ಸಂಬಂಧ ಇರಲಿಲ್ಲ ಅಂತ ಅವರೇ ಹೇಳಿದರು. ಹೆಕ್ಸೇನ್ ಹೊರಗೆ ಬಿದ್ದರೆ ಎಷ್ಟು ದೂರ ನಡೆದು ಹೋಗುತ್ತದೆ ಅನ್ನೋದನ್ನು ಸಾವ್ಕಾರ್ರಿಗೆ ಕಣ್ಣಿಗೆ ಕಟ್ಟಿಸಲು ಹೇಳಿದ್ದು.

ಸಾವ್ಕಾರ್ರು ಆಮೇಲೆ ವಾದ ಮಾಡಲಿಲ್ಲ. ಲಾರಿಯವರಿಗೆ ಒಂದು ದಿನದ ನಿಲುಗಡೆ ಕೊಡ್ತೀನಿ ಅಂತ ಹೇಳಿ ಕಳಿಸಿದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ, ಆ ಮಟ್ಟಿಗೆ ನಾನು ಅವರನ್ನು ಮೆಚ್ಚುತ್ತೇನೆ.

ಸಂಜೆಯೇ ಡಬ್ಬಿ ಬಿಚ್ಚಿದೆವು. ಅದೃಷ್ಟಕ್ಕೆ ಅದು ತಿರುಗಿಸಿ ಜೋಡಿಸಲು ಬರುವ ಮಾದರಿ. ಸ್ಪ್ರಿಂಗನ್ನು ಪರದೆಯ ಕೆಳಗಿನಿಂದ ಮೇಲಕ್ಕೆ ತಂದು, ಗಾಳಿಯ ಕೊಳವೆಯನ್ನು ಮೇಲಿನ ತೂತಿನಿಂದ ಕೆಳಗಿನದಕ್ಕೆ ಹಾಕಿ, ಬೋಲ್ಟುಗಳನ್ನು ಎದುರುಬದುರು ಬಿಗಿಯುತ್ತ ಬಂದೆವು. ಒಂದೇ ಕಡೆಯಿಂದ ಬಿಗಿದರೆ ಪರದೆ ಸುಕ್ಕಾಗಿ ಸೋರುತ್ತದೆ. ಕಂಟ್ರೋಲರಿನ ಸ್ವಿಚ್ಚನ್ನೂ ಹಳೆಯ ಕಡೆಗೆ ತಿರುಗಿಸಿದೆವು. ಇಂಜಿನಿಯರ್ ಅದನ್ನು ತಾವೇ ಬಂದು ನೋಡಿದರು. ವಾಲ್ವ್ ಸರಿಮಾಡಿ ಸ್ವಿಚ್ ಮರೆತರೆ ಡಿ.ಟಿ. ಕಾದಷ್ಟೂ ಕಂಟ್ರೋಲರ್ ಇನ್ನಷ್ಟು ಸ್ಟೀಮ್ ಕೊಡುತ್ತಾ ಹೋಗುತ್ತದೆ. ಸ್ಟೀಮ್ ವಾಲ್ವಿನ ಮಟ್ಟಿಗೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಗಾಳಿ ಇಳಿಯುತ್ತಿದ್ದ ಹಾಗೆ ಮುಳ್ಳು ಕೆಳಕ್ಕೆ ಬಂದು ಮುಚ್ಚಿದ ಗುರುತಿನ ಮೇಲೆ ಕೂತಿತು.

ಬಾಣ ಹೇಗೆ ತಿರುಗಿತು ಅನ್ನುವುದು ಮರುದಿನ ಗೊತ್ತಾಯಿತು. ನಕ್ಷೆ ಬರೆದ ಹುಡುಗ ಕಂಪ್ಯೂಟರಿನಲ್ಲಿ ನೀರಿನ ವಾಲ್ವನ್ನು ಮೊದಲು ಬರೆದು, ಅದನ್ನೇ ನಕಲು ಮಾಡಿ ಸ್ಟೀಮ್ ಪೈಪಿನ ಮೇಲೆ ಕೂರಿಸಿದ್ದ. ಹಳೆಯ ನಕ್ಷೆಯ ಆ ಮೂಲೆಯನ್ನೇ ಗೆದ್ದಲು ತಿಂದಿತ್ತು, ಅವನಿಗೆ ಹೋಲಿಸಿ ನೋಡಲು ಏನೂ ಇರಲಿಲ್ಲ. ಯಾರೋ ಅವನ ಮೇಲೆ ರೇಗಲು ಹೊರಟರು. ಇಂಜಿನಿಯರ್ ತಡೆದು, ನಕ್ಷೆಯ ಪ್ರತಿ ಎಷ್ಟು ಹಂಚಿದ್ದೀರಿ, ಎಲ್ಲೆಲ್ಲಿವೆ ಅಂತ ಕೇಳಿದರು. ಆಫೀಸಿನ ಗೋಡೆ, ಕಂಟ್ರೋಲ್ ರೂಮು, ಸ್ಟೋರು, ಸರ್ವಿಸಿನವರ ಹತ್ತಿರ, ಲೈಸೆನ್ಸಿನ ಫೈಲಿನಲ್ಲಿ. ಎಲ್ಲವನ್ನೂ ತರಿಸಿ ಕೆಂಪು ಪೆನ್ಸಿಲಿನಿಂದ ತಿದ್ದಿ, ತಾರೀಕು ಹಾಕಿ ಸಹಿ ಮಾಡಿದರು. ಒಂದು ಪ್ರತಿ ಎಲ್ಲೋ ಹಾಗೇ ಉಳಿದರೆ ಮುಂದಿನ ಸಲ ಪರದೆ ಹರಿದಾಗ ಅದೇ ಪ್ರತಿ ಡಬ್ಬಿಯ ಜೊತೆ ಹೋಗುತ್ತದೆ ಅಂತ ಅವರ ಭಯ. ಆಮೇಲೆ ನನ್ನಿಂದ ಇನ್ನೊಂದು ಕೆಲಸ ಮಾಡಿಸಿದರು. ಪ್ರತಿ ವಾಲ್ವಿಗೂ ಒಂದು ತಗಡು ಕಟ್ಟಿಸಿ, ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆಸಿದರು: ಗಾಳಿ ಹೋದರೆ ತೆರೆಯುತ್ತದೆ, ಗಾಳಿ ಹೋದರೆ ಮುಚ್ಚುತ್ತದೆ. ರಾತ್ರಿ ಪಾಳಿಯ ನಮ್ಮ ಆಪರೇಟರುಗಳಲ್ಲಿ ಬಾಣದ ಅರ್ಥ ಗೊತ್ತಿದ್ದವರು ಬಹಳ ಕಡಿಮೆ. ಆ ತಗಡು ಎಲ್ಲರಿಗೂ ಓದಲು ಬರುತ್ತಿತ್ತು.

ಪ್ಲಾಂಟ್ ಶುರುವಾಗಿ ಎರಡನೇ ವಾರವೋ ಮೂರನೆಯದೋ, ನಡುರಾತ್ರಿ ಕರೆಂಟ್ ಹೋಯಿತು. ನಾನು ಡ್ಯೂಟಿಯಲ್ಲಿದ್ದೆ. ಕತ್ತಲಲ್ಲಿ ಮೊದಲು ಕೇಳಿಸಿದ್ದು ಮೇಲಿನ ಟ್ಯಾಂಕಿನ ನೀರು ಇಳಿಯುವ ಸದ್ದು. ಪ್ಲಾಂಟಿಗೆ ಅಂತಲೇ ಇಟ್ಟಿದ್ದ, ಕಿಡಿ ಹೊರಗೆ ಬಿಡದ ಟಾರ್ಚ್ ಹಿಡಿದು ಸ್ಟೀಮ್ ವಾಲ್ವಿನ ಹತ್ತಿರ ಹೋದೆ; ಮುಳ್ಳು ಕೆಳಗೆ ಕೂತಿತ್ತು. ಡಿ.ಟಿ.ಯ ಕಾವು ಒಮ್ಮೆಗೇ ಇಳಿಯೋದಿಲ್ಲ, ಒಳಗೆ ಕೂತ ಬಿಸಿಯಿಂದ ಸ್ವಲ್ಪ ಹೊತ್ತು ಆವಿ ಏಳುತ್ತಲೇ ಇತ್ತು. ಸ್ಪ್ರಿಂಗ್ ಹೊಸ ಕಾವನ್ನು ತಡೆಯುತ್ತದೆ, ಇದ್ದ ಕಾವನ್ನಲ್ಲ. ಅದಕ್ಕೆ ಟ್ಯಾಂಕಿನ ನೀರೇ ಗತಿ. ವೆಂಟಿನ ಕೆಳಗೆ ನಿಂತು ನೋಡಿದೆ, ಹೆಕ್ಸೇನಿನ ವಾಸನೆ ಇರಲಿಲ್ಲ. ಜನರೇಟರ್ ಆ ರಾತ್ರಿ ಹಟ ಹಿಡಿದು ತಡವಾಗಿ ಎದ್ದಿತು. ಪಂಪುಗಳು ಒಂದೊಂದಾಗಿ ನಡೆದವು.

ಬೆಳಿಗ್ಗೆ ಕೊಟ್ಟೂರಿನ ಎಸ್‌ಟಿಡಿ ಬೂತಿನಿಂದ ಕೂಡ್ಲಿಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಹೊಗಳಲೂ ಇಲ್ಲ, ಹಿಗ್ಗಲೂ ಇಲ್ಲ.

“ಟ್ಯಾಂಕ್ ಎಷ್ಟು ಇಳಿದಿತ್ತು?”

“ಅಳತೀ ಕೋಲು ಇಟ್ಟು ನೋಡೀನ್ರೀ. ಜನರೇಟರ್ ಎದ್ದಾಗ ಅರ್ಧಕ್ಕ ಸ್ವಲ್ಪ ಮ್ಯಾಲೆ ಇತ್ತು.”

“ಹಂಗಾದರ ಜನರೇಟರ್ ಏಳದಿದ್ದರೂ ಇನ್ನ ಅಷ್ಟೇ ಹೊತ್ತು ಸಿಗ್ತಿತ್ತು. ಎಷ್ಟು ನಿಮಿಷಕ್ಕ ಎಷ್ಟು ಇಳೀತು ಅಂತ ಲಾಗ್ ಪುಸ್ತಕದಾಗ ಬರದಿಡು. ಬ್ಯಾಸಿಗ್ಯಾಗ ನೀರು ಬಿಸಿ ಇರ್ತದ, ಆಗ ಇದಕ್ಕಿಂತ ಲಗೂನ ಖಾಲಿ ಮಾಡಬೇಕಾಗ್ತದ. ಅದರೊಳಗ ಟ್ಯಾಂಕ್ ದೊಡ್ಡದು ಮಾಡಿಸ್ರಿ ಅಂತ ಸಾವ್ಕಾರ್ರಿಗೆ ಹೇಳು.”